ವೇತನ ಚೀಟಿಯ ಲೆಕ್ಕ

(ಸಂಡೂರಿನಲ್ಲಿ ಗಣಿಯಂತ್ರಗಳನ್ನು ದುರಸ್ತಿ ಮಾಡುವ ಕಾರ್ಯಾಗಾರವೊಂದರ ಲೆಕ್ಕಪತ್ರ ವಿಭಾಗದ ಹಿರಿಯರು ಹೊಸ ನೌಕರನೊಬ್ಬನಿಗೆ ಬರೆದ ಟಿಪ್ಪಣಿ ಇದು.)

ನಿಮ್ಮ ಮೊದಲ ತಿಂಗಳ ವೇತನ ಚೀಟಿಯನ್ನು ಇದರೊಡನೆ ಕಳುಹಿಸಿದ್ದೇನೆ. ನೇಮಕಾತಿ ಆದೇಶದಲ್ಲಿ ವರ್ಷಕ್ಕೆ 4,20,000 ರೂಪಾಯಿ ಎಂದು ಬರೆದಿತ್ತು. ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 35,000 ರೂಪಾಯಿ ಬರುವುದೆಂದು ನೀವು ಎಣಿಸಿದ್ದಿರಿ. ಆ ನಂಬಿಕೆಯ ಮೇಲೆ, ಕಂಪ್ಲಿಯ ಬಾಳೆತೋಟಕ್ಕಾಗಿ ತಂದೆಯವರು ಮಾಡಿದ ಸಾಲದ ಕಂತನ್ನು ನೀವೇ ಕಟ್ಟುವುದಾಗಿ ಒಪ್ಪಿಕೊಂಡಿರಿ. ಬ್ಯಾಂಕಿಗೆ ಬಂದದ್ದು 27,160 ರೂಪಾಯಿ ಮಾತ್ರ. ಉಳಿದ 7,840 ರೂಪಾಯಿ ಎಲ್ಲಿ ಹೋಯಿತೆಂದು ನೀವು ಕೇಳಿದ್ದು ನ್ಯಾಯವಾಗಿಯೇ ಇದೆ.

ಆದೇಶದಲ್ಲಿರುವ ಮೊತ್ತಕ್ಕೆ ಸಿ.ಟಿ.ಸಿ. ಎಂದು ಹೆಸರು, ಎಂದರೆ, ನಿಮ್ಮನ್ನು ಕೆಲಸದಲ್ಲಿಟ್ಟುಕೊಳ್ಳಲು ಸಂಸ್ಥೆಗೆ ವರ್ಷವೊಂದಕ್ಕೆ ತಗಲುವ ವೆಚ್ಚ. ಅದು ನಿಮ್ಮ ಸಂಬಳವಲ್ಲ. ನಿಮ್ಮೂರಿನ ಅಕ್ಕಿ ಗಿರಣಿಯಲ್ಲಿ ನೂರು ಕಿಲೋ ಭತ್ತ ತೂಗಿದವನು ನೂರು ಕಿಲೋ ಅಕ್ಕಿಯನ್ನು ನಿರೀಕ್ಷಿಸುವುದಿಲ್ಲ. ಹೊಟ್ಟು ಬೇರೆ, ತೌಡು ಬೇರೆ ಎಂಬುದು ಅವನಿಗೆ ಗೊತ್ತು. ತೌಡಿಗೂ ಬೆಲೆಯುಂಟು, ಆದರೆ ಅದನ್ನು ಅನ್ನ ಮಾಡಿ ಉಣ್ಣಲಾಗುವುದಿಲ್ಲ. ಸಿ.ಟಿ.ಸಿ.ಯಲ್ಲಿಯೂ ಈ ತಿಂಗಳು ಕೈಗೆ ಬರುವ ಹಣ, ಮುಂದೆಂದೋ ಬರುವ ಹಣ, ಎಂದಿಗೂ ಬಾರದಿರಬಹುದಾದ ಹಣ ಎಲ್ಲವೂ ಬೆರೆತಿರುತ್ತವೆ.

ಮೊದಲು ಚೀಟಿಯ ಎಡಭಾಗವನ್ನು ನೋಡಿ. ಅಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 22,000, ಮನೆ ಬಾಡಿಗೆ ಭತ್ಯೆ 6,000, ಪ್ರಯಾಣ ಭತ್ಯೆ 2,000, ಹೀಗೆ ಒಟ್ಟು ವೇತನ 30,000 ರೂಪಾಯಿ ಇದೆ. ಇವುಗಳಲ್ಲಿ ಮುಖ್ಯವಾದುದು ಮೊದಲನೆಯ ಸಾಲು. ಭವಿಷ್ಯನಿಧಿಯನ್ನೂ ಗ್ರಾಚ್ಯುಯಿಟಿಯನ್ನೂ ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ. ಈ ಸಾಲನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಹಿಗ್ಗಿಸಿ ತೋರಿಸುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ಹಾಗೆ ಮಾಡಿದರೆ ಇಂದಿನ ಕೈಹಣ ಕೊಂಚ ಹೆಚ್ಚುತ್ತದೆ, ನಾಳೆಯ ಗಂಟು ಕರಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದಕ್ಕೆ ಕಡಿವಾಣ ಹಾಕಿವೆ. ಬಾಡಿಗೆ, ಪ್ರಯಾಣ ಮೊದಲಾದ ಭತ್ಯೆಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ನಿಮ್ಮ ಚೀಟಿಯಲ್ಲಿ ಭತ್ಯೆಗಳು ಆ ಮಿತಿಯೊಳಗೇ ಇವೆ.

ವೆಚ್ಚ 35,000, ಒಟ್ಟು ವೇತನ 30,000. ನಡುವಿನ 5,000 ರೂಪಾಯಿ ಚೀಟಿಯಲ್ಲಿ ಕಾಣುವುದಿಲ್ಲ. ಅದು ಆದೇಶದ ಹಿಂಬದಿಯ ಪಟ್ಟಿಯಲ್ಲಿದೆ. ಅದರಲ್ಲಿ 2,640 ರೂಪಾಯಿ ನಿಮ್ಮ ಭವಿಷ್ಯನಿಧಿಗೆ ಸಂಸ್ಥೆ ಸೇರಿಸುವ ಪಾಲು. ವರ್ಷದ ಕೊನೆಯಲ್ಲಿ ಕೆಲಸವನ್ನು ನೋಡಿ ಕೊಡುವ ಪ್ರೋತ್ಸಾಹಧನ 12,000 ರೂಪಾಯಿ. ತಿಂಗಳಿಗೆ 1,000ದಂತೆ ಅದನ್ನೂ ವೆಚ್ಚದಲ್ಲಿ ಹಿಡಿದಿದ್ದಾರೆ. ಗುಂಪು ವಿಮೆ ಮತ್ತು ನಿಧಿಯ ಆಡಳಿತ ವೆಚ್ಚಕ್ಕೆ ಸುಮಾರು 302 ರೂಪಾಯಿ ಹೋಗುತ್ತದೆ. ಉಳಿದ ಸುಮಾರು 1,058 ರೂಪಾಯಿ ಗ್ರಾಚ್ಯುಯಿಟಿಯದು.

ಈ ಗ್ರಾಚ್ಯುಯಿಟಿಯನ್ನು ಸರಿಯಾಗಿ ತಿಳಿಯಬೇಕು. ಸೇವೆಯ ಪ್ರತಿಯೊಂದು ವರ್ಷಕ್ಕೆ ಹದಿನೈದು ದಿನಗಳ ವೇತನ ಎಂಬುದು ಅದರ ಸೂತ್ರ. ತಿಂಗಳಿಗೆ ಇಪ್ಪತ್ತಾರು ಕೆಲಸದ ದಿನಗಳೆಂದು ಹಿಡಿಯುತ್ತಾರೆ. 22,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 12,692 ರೂಪಾಯಿ. ಇದು ಒಂದು ವರ್ಷದ ಗಳಿಕೆ. ವೇತನ ಏರದೆ ಇದ್ದರೂ ಆರು ವರ್ಷ ದುಡಿದು ಹೊರಟವರಿಗೆ 76,154 ರೂಪಾಯಿ ದೊರೆಯುತ್ತದೆ. ಆದರೆ ನಿಮ್ಮಂತಹ ಕಾಯಂ ನೌಕರರು ಐದು ವರ್ಷ ಸತತ ಸೇವೆ ಸಲ್ಲಿಸಿರಬೇಕು. ಮೃತ್ಯು ಅಥವಾ ಅಂಗವೈಕಲ್ಯ ಒದಗಿದಾಗ ಮಾತ್ರ ಈ ನಿಬಂಧನೆ ಇಲ್ಲ. ಮೂರನೆಯ ವರ್ಷದಲ್ಲಿ ಬೇರೆಡೆಗೆ ಹೋದರೆ, ಪ್ರತಿವರ್ಷವೂ ನಿಮ್ಮ ವೆಚ್ಚದಲ್ಲಿ ತೋರಿಸಿದ್ದ ಆ ಹಣ ನಿಮಗೆ ಸಿಗುವುದಿಲ್ಲ. ಎರಡು ನೌಕರಿಗಳ ಸಿ.ಟಿ.ಸಿ.ಗಳನ್ನು ಹೋಲಿಸುವವರು ಇದನ್ನು ಮರೆತೇ ಮೋಸ ಹೋಗುತ್ತಾರೆ.

ಇನ್ನು ಚೀಟಿಯ ಬಲಭಾಗದ ಕಡಿತಗಳು. ಭವಿಷ್ಯನಿಧಿಗೆ ನಿಮ್ಮ ಪಾಲು 22,000ದ ನೂರಕ್ಕೆ ಹನ್ನೆರಡು, ಎಂದರೆ 2,640 ರೂಪಾಯಿ. ಸಂಸ್ಥೆಯ ಪಾಲೂ ಅಷ್ಟೇ. ಆದರೆ ಸಂಸ್ಥೆಯ ಪಾಲು ಇಡಿಯಾಗಿ ನಿಧಿಗೆ ಹೋಗುವುದಿಲ್ಲ. ನೀವು ಹಿಂದೆ ಹಂಪಿಯ ಬಳಿಯ ಹೋಟೆಲಿನಲ್ಲಿ 13,000 ರೂಪಾಯಿಗೆ ದುಡಿಯುವಾಗಲೇ ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಿ. ಆ ಸದಸ್ಯತ್ವ ಮುಂದುವರಿಯುತ್ತದೆ. ಆದ್ದರಿಂದ 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂಪಾಯಿಯ ಮಿತಿಯ ಮೇಲೆ ನೂರಕ್ಕೆ 8.33ರಂತೆ 1,250 ರೂಪಾಯಿ ಪಿಂಚಣಿಗೆ ಸೇರಿ, ಉಳಿದ 1,390 ನಿಧಿಗೆ ಬೀಳುತ್ತದೆ. ನಿಮ್ಮ ಪಾಸ್‌ಬುಕ್ಕಿನಲ್ಲಿ 2,640, 1,390, 1,250 ಎಂದು ಮೂರು ಅಂಕಣಗಳು ಕಾಣಬೇಕು.

ಕಾಣಬೇಕು ಎಂದೆ, ಕಂಡಿತೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಚೀಟಿಯಲ್ಲಿ ಕಡಿತ ಮುದ್ರಿತವಾದ ಮಾತ್ರಕ್ಕೆ ಹಣ ನಿಧಿಗೆ ಸಂದಾಯವಾಯಿತೆಂದು ಅರ್ಥವಲ್ಲ. ಮರುತಿಂಗಳ 15ನೆಯ ತಾರೀಖಿನೊಳಗೆ ಸಂಸ್ಥೆ ಅದನ್ನು ಕಟ್ಟಬೇಕು. ಹನ್ನೆರಡು ಅಂಕೆಗಳ ನಿಮ್ಮ ಯು.ಎ.ಎನ್. ಸಂಖ್ಯೆಯಿಂದ ಪಾಸ್‌ಬುಕ್ಕನ್ನು ತೆರೆದು ನೋಡಿ. ಒಂದು ತಿಂಗಳ ನಮೂದು ಕೊಂಚ ತಡವಾಗಬಹುದು. ಎರಡು ಮೂರು ತಿಂಗಳು ಖಾಲಿಯಿದ್ದರೆ ಮೊದಲು ಕಚೇರಿಯಲ್ಲಿ ಕೇಳಿ, ಅಲ್ಲಿ ಉತ್ತರ ಸಿಗದಿದ್ದರೆ ಭವಿಷ್ಯನಿಧಿ ಸಂಘಟನೆಗೆ ದೂರು ಕೊಡಿ. ಹೋಟೆಲಿನ ಕಾಲದ ಸಂಖ್ಯೆಯೇ ಇಲ್ಲಿಯೂ ನಡೆಯಬೇಕು. ಹೊಸ ಸಂಖ್ಯೆ ಹುಟ್ಟಿದ್ದರೆ ಹಳೆಯ ಗಂಟು ಬೇರೆಯಾಗಿಯೇ ಉಳಿದುಬಿಡುತ್ತದೆ.

ಹೋಟೆಲಿನ ಚೀಟಿಯಲ್ಲಿದ್ದ ಇ.ಎಸ್.ಐ. ಕಡಿತ ಇಲ್ಲಿಲ್ಲ. 21,000 ರೂಪಾಯಿಗಿಂತ ಹೆಚ್ಚಿನ ವೇತನದವರಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕಾಗಿಯೇ ಸಂಸ್ಥೆ ಗುಂಪು ವಿಮೆ ಮಾಡಿಸಿದೆ. ಆ ವಿಮೆಯಲ್ಲಿ ತಂದೆತಾಯಿಗಳು ಸೇರಿದ್ದಾರೆಯೇ ಎಂದು ಕೇಳಿಕೊಳ್ಳಿ. ಆದಾಯ ತೆರಿಗೆಯ ಅಂಕಣವೂ ಸೊನ್ನೆ. ಹೊಸ ತೆರಿಗೆ ಪದ್ಧತಿಯಲ್ಲಿ ನಿಮ್ಮಷ್ಟು ವೇತನಕ್ಕೆ ತೆರಿಗೆ ಬೀಳುವುದಿಲ್ಲ.

ವೃತ್ತಿ ತೆರಿಗೆಯಾದರೋ 200 ರೂಪಾಯಿ ಇದೆ. 1976ರ ಕಾಯಿದೆಯಂತೆ ಇದು ಕರ್ನಾಟಕ ಸರ್ಕಾರಕ್ಕೆ ಸಲ್ಲುತ್ತದೆ. ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಪಡೆಯುವವರಿಗೆ ಇಲ್ಲ. ಫೆಬ್ರವರಿಯಲ್ಲಿ ಮಾತ್ರ 300 ಕಡಿತವಾಗುತ್ತದೆ. ಅದನ್ನು ತಪ್ಪೆಂದು ತಿಳಿದು ವಿಚಾರಿಸಲು ಬರುವವರು ಪ್ರತಿವರ್ಷವೂ ಇರುತ್ತಾರೆ. ಸಂವಿಧಾನದ 276ನೆಯ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಇನ್ನೂರರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತದೆ. ಮಿತಿಯವರೆಗೆ ಉಳಿದ ನೂರು ರೂಪಾಯಿಯನ್ನು ರಾಜ್ಯವು 2025ರ ಏಪ್ರಿಲಿನಿಂದ ಫೆಬ್ರವರಿಗೆ ಸೇರಿಸಿದೆ.

ಹೀಗೆ 30,000ದಲ್ಲಿ 2,640 ಮತ್ತು 200 ಕಳೆದರೆ ನಿವ್ವಳ ವೇತನ 27,160. ಕಂತಿನ ಮಾತನ್ನು ಈ ಅಂಕಿಯ ಮೇಲೆ ನಿಲ್ಲಿಸಿ ತಂದೆಯವರೊಡನೆ ಮತ್ತೊಮ್ಮೆ ಆಡಿ. ಪ್ರೋತ್ಸಾಹಧನವನ್ನು ಅದರಲ್ಲಿ ಸೇರಿಸಬೇಡಿ. ಬಾಳೆಗೊನೆ ಕಡಿಯುವ ಸಮಯದಲ್ಲಿ ಊರಿಗೆ ಹೋಗಬೇಕೆಂದಿದ್ದೀರಿ. ರಜೆ ಗಳಿಕೆಯಾಗುವ ಮೊದಲು ಎರಡು ದಿನ ಹೋದರೆ ಅವು ವೇತನರಹಿತ ದಿನಗಳಾಗುತ್ತವೆ. ಮೂವತ್ತು ದಿನಗಳ ತಿಂಗಳಾದರೆ ಒಟ್ಟು ವೇತನ 28,000ಕ್ಕೂ, ಭವಿಷ್ಯನಿಧಿ ಕಡಿತ 2,464ಕ್ಕೂ ಇಳಿದು ಕೈಗೆ 25,336 ರೂಪಾಯಿ ಬರುತ್ತದೆ. ಹೋಗುವ ಮೊದಲು ನನ್ನ ಬಳಿಗೆ ಬನ್ನಿ. ನಿಮ್ಮ ಲೆಕ್ಕದಲ್ಲಿ ಎಷ್ಟು ರಜೆ ಕೂಡಿದೆಯೆಂದು ನೋಡಿ ಹೇಳುತ್ತೇನೆ.