ಎಣ್ಣೆ ಕೂದಲಿಗೆ, ಶಾಂಪೂ ನೆತ್ತಿಗೆ

ಹೈಸ್ಕೂಲು ಮಕ್ಕಳಿಗೆ ಅಚ್ಚುಕಟ್ಟಿನ ಪಾಠ ಹೇಳುವ ದಿನ ಕೂದಲಿಗೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ದಿನಾ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ಹುಡುಗರು ಕಟಿಂಗ್ ಮಾಡಿಸಿ ಬನ್ನಿ ಎನ್ನುವಷ್ಟರಲ್ಲಿ ಆ ಹತ್ತು ನಿಮಿಷ ಮುಗಿದಿರುತ್ತದೆ. ಆ ಮಾತು ಕೂದಲಿಗಿಂತ ಮೊದಲು ನೆತ್ತಿಯ ಚರ್ಮದಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಈ ವಯಸ್ಸಿನಲ್ಲಿ ಬದಲಾಗುವುದು ಅದೇ. ಮುಖದಲ್ಲಿ ಮೊಡವೆ ತರುವ ಹಾರ್ಮೋನುಗಳೇ ನೆತ್ತಿಯ ಎಣ್ಣೆಗ್ರಂಥಿಗಳನ್ನೂ ಚುರುಕುಗೊಳಿಸುತ್ತವೆ. ಎಂಟು ವರ್ಷದ ಮಗುವಿಗೆ ಭಾನುವಾರದ ಒಂದು ತಲೆಸ್ನಾನ ಸಾಕಾಗುತ್ತಿತ್ತು. ಹದಿನಾಲ್ಕರ ಹೊತ್ತಿಗೆ ಹಲವರಿಗೆ ಅದು ಸಾಲದು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಭಾನುವಾರ ತಲೆಸ್ನಾನ, ಸೋಮವಾರದಿಂದ ದಿನಾ ಬೆಳಿಗ್ಗೆ ನೆತ್ತಿಗೆ ಎಣ್ಣೆ. ಗುರುವಾರದ ಹೊತ್ತಿಗೆ ತುರಿಕೆ, ಸಮವಸ್ತ್ರದ ಹೆಗಲ ಮೇಲೆ ಬಿಳಿ ಹೊಟ್ಟು. ತಲೆ ಒಣಗಿದೆ ಎಂದು ಮನೆಯವರು ಇನ್ನಷ್ಟು ಎಣ್ಣೆ ಹಚ್ಚುತ್ತಾರೆ. ಹೊಟ್ಟು ನೆತ್ತಿಗೇ ಅಂಟಿಕೊಂಡು ಉದುರುವುದು ನಿಲ್ಲುತ್ತದೆ, ವಾಸಿಯಾಯಿತು ಅನಿಸುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಹಳದಿ ಛಾಯೆಯ ಜಿಡ್ಡು ಹೊಟ್ಟು ಬೈತಲೆಯುದ್ದಕ್ಕೂ ಕೂತಿರುತ್ತದೆ.

ಇದಕ್ಕೆ ಕೊಳಕು ಕಾರಣವಲ್ಲ, ಒಣಗಿದ ಚರ್ಮವೂ ಅಲ್ಲ. ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ನಮ್ಮೆಲ್ಲರ ನೆತ್ತಿಯಲ್ಲೂ ಇರುತ್ತದೆ, ಅಲ್ಲಿನ ಜಿಡ್ಡನ್ನೇ ತಿಂದು ಬದುಕುತ್ತದೆ. ತಿಂದು ಉಳಿಸುವ ಕೊಬ್ಬಿನಾಮ್ಲಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆಗ ಚರ್ಮದ ಮೇಲ್ಪದರ ಬೇಗಬೇಗ ಕಳಚುತ್ತದೆ. ಹೊಟ್ಟು ಅಂದರೆ ಅದು. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಇದಲ್ಲ, ಹೊಟ್ಟಿದ್ದವರ ಪಕ್ಕ ಕೂರಲು ಯಾರೂ ಹಿಂಜರಿಯಬೇಕಿಲ್ಲ.

ಹಾಗೆಂದು ಕೊಬ್ಬರಿ ಎಣ್ಣೆ ಬಿಡಬೇಕೆಂದಲ್ಲ. ಅದು ಕೂದಲ ಎಳೆಯೊಳಗೆ ಇಳಿದು ತೊಳೆಯುವಾಗ, ಬಾಚುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆಗೆ ಆ ಗುಣವಿಲ್ಲ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಎಣ್ಣೆಯ ಉಪಯೋಗ ಎಳೆಗೆ. ಹೊಟ್ಟಿರುವ ನೆತ್ತಿಯಲ್ಲಿ ಅದು ದಿನಗಟ್ಟಲೆ ನಿಲ್ಲಬಾರದು. ಆದ್ದರಿಂದ ಆ ಹುಡುಗಿ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೂದಲ ಉದ್ದಕ್ಕೆ, ತುದಿಗೆ ಎಣ್ಣೆ ಸವರಿಕೊಳ್ಳಲಿ. ಭಾನುವಾರದ ಜೊತೆಗೆ ಬುಧವಾರವೂ ತಲೆಸ್ನಾನ ಮಾಡಲಿ. ಹೊಟ್ಟಿಗೆ ಔಷಧಿ ಅಂಗಡಿಯಲ್ಲಿ ಶೇ. 2ರ ಕೀಟೊಕೊನಜೋಲ್ ಶಾಂಪೂ ಸಿಗುತ್ತದೆ. ಬಹಳ ಜನ ತಪ್ಪುವುದು ಇಲ್ಲೇ: ನೊರೆ ಬಂದ ತಕ್ಷಣ ತೊಳೆದುಬಿಡುತ್ತಾರೆ, ಆಮೇಲೆ ಶಾಂಪೂ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಬೆರಳ ತುದಿಯಿಂದ, ಉಗುರು ತಾಗಿಸದೆ ನೆತ್ತಿಗೆ ಉಜ್ಜಿ, ನೊರೆಯನ್ನು ಮೂರರಿಂದ ಐದು ನಿಮಿಷ ಹಾಗೇ ಬಿಡಬೇಕು. ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ ಮಾಡಿ, ನಂತರ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಾಕು. ಪೂರ್ತಿ ನಿಲ್ಲಿಸಿದರೆ ಹೊಟ್ಟು ಮತ್ತೆ ಬರುವುದುಂಟು.

ಸ್ನಾನದ ಹೊತ್ತೂ ಮುಖ್ಯ. ಬೆಳಿಗ್ಗೆ ಏಳಕ್ಕೆ ತಲೆಗೆ ನೀರು ಹಾಕಿ, ಎಂಟಕ್ಕೆ ಒದ್ದೆ ಕೂದಲನ್ನೇ ಎಳೆದು ಜಡೆ ಹೆಣೆದು ಟೇಪು ಬಿಗಿದರೆ ಸಂಜೆಯವರೆಗೂ ಒಳಗೆ ತೇವ ಆರುವುದಿಲ್ಲ. ನೀರು ಕುಡಿದ ಕೂದಲು ಸುಲಭವಾಗಿ ಜಗ್ಗುತ್ತದೆ, ಜಗ್ಗಿದಾಗ ತುಂಡಾಗುತ್ತದೆ. ಹಿಂದಿನ ದಿನ ಸಂಜೆ ತೊಳೆದು, ಆರಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ ಮೇಲೆ ಬರುವುದು ಒಳ್ಳೆಯದು. ಗುಂಗುರು ಕೂದಲಿಗೆ ಮಾತ್ರ ಇದು ತಿರುಗುಮುರುಗು. ಒಣಗಿದಾಗ ಬಾಚಿದರೆ ಅದು ಮುರಿಯುತ್ತದೆ, ಕೆದರುತ್ತದೆ. ಕಂಡೀಷನರ್ ಹಚ್ಚಿ ತೇವವಿರುವಾಗಲೇ ಬಾಚಬೇಕು. ಗುಂಗುರು ಕೂದಲಿನ ಮಕ್ಕಳನ್ನು ‘ತಲೆ ಬಾಚಿಲ್ಲ’ ಎಂದು ಗದರಿಸುವ ಮುನ್ನ ಶಿಕ್ಷಕರು ಇದನ್ನು ತಿಳಿದಿರಬೇಕು. ಜಡೆ ಬಿಗಿದಾಗ ಹಣೆಯಂಚು ನೋಯುತ್ತಿದ್ದರೆ, ಅಲ್ಲಿ ಸಣ್ಣ ಗುಳ್ಳೆಗಳೆದ್ದರೆ ಸಡಿಲಿಸಲೇಬೇಕು. ವರ್ಷಗಟ್ಟಲೆ ಹಾಗೇ ಎಳೆದರೆ ಅಲ್ಲಿನ ಕೂದಲು ಮತ್ತೆ ಹುಟ್ಟದಂತಾಗುತ್ತದೆ.

ಹೊಟ್ಟನ್ನೂ ಸೀರನ್ನೂ ಬೇರೆಬೇರೆಯಾಗಿ ಗುರುತಿಸಲು ಮಕ್ಕಳಿಗೆ ಕಲಿಸಬೇಕು. ಬೆರಳಲ್ಲಿ ತಳ್ಳಿದರೆ ಹೊಟ್ಟು ಜಾರುತ್ತದೆ. ಸೀರು ಎಳೆಗೆ ಅಂಟಿಕೊಂಡಿರುತ್ತದೆ, ಹೆಚ್ಚಾಗಿ ಕಿವಿಯ ಹಿಂದೆ, ಕತ್ತಿನ ಮೇಲೆ, ಬುಡದ ಹತ್ತಿರ. ಹೇನು ಹಾರುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದುಹೋಗುತ್ತದೆ, ಎಷ್ಟೇ ಶುಚಿಯಾದ ತಲೆಗೂ ಬರುತ್ತದೆ. ಸೀರು ಒಡೆದು ಮರಿ ಬರಲು ಸುಮಾರು ಏಳರಿಂದ ಹತ್ತು ದಿನ ಹಿಡಿಯುವುದರಿಂದ ಒಂದು ಸಲ ಔಷಧಿ ಹಚ್ಚಿ ಸುಮ್ಮನಾದರೆ ಮತ್ತೆ ಮೊದಲಿನಂತೆಯೇ ಆಗುತ್ತದೆ. ಒಂಬತ್ತನೇ ದಿನದ ಸುಮಾರಿಗೆ ಇನ್ನೊಮ್ಮೆ ಹಚ್ಚಬೇಕು. ಈ ನಡುವೆ ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಹೇನು ಬಾಚಣಿಗೆಯಿಂದ ಮೂರ್ನಾಲ್ಕು ದಿನಕ್ಕೊಮ್ಮೆ ಬಾಚುತ್ತಿರಬೇಕು. ಮನೆಯವರ, ಅಕ್ಕಪಕ್ಕ ಮಲಗುವವರ ತಲೆಯನ್ನೂ ಅದೇ ದಿನ ನೋಡಬೇಕು.

ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ. ಹೇನು, ಹೊಟ್ಟು ಕಂಡ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಎಲ್ಲರೆದುರು ಹೊರಗೆ ಕರೆಯಬೇಡಿ, ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ. ನಾಲ್ಕು ವಾರ ಸರಿಯಾಗಿ ಶಾಂಪೂ ಹಚ್ಚಿದರೂ ಹೊಟ್ಟು ಇಳಿಯದಿದ್ದರೆ, ದುಂಡಗೆ ಕೂದಲು ಉದುರಿದ ಜಾಗ ಕಂಡರೆ, ನೆತ್ತಿಯಲ್ಲಿ ಕೀವು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಚರ್ಮದ ವೈದ್ಯರಿಗೆ ತೋರಿಸುವಂತೆ ಪೋಷಕರಿಗೆ ಚೀಟಿ ಬರೆದುಕೊಡಿ.