ಒಂದು ಸಾಕೋ, ಎರಡೂ ಬೇಕೋ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಲೆಕ್ಕ ಹೇಳಿಕೊಡುವ ನಾನು ಅವರ ಉತ್ತರಕ್ಕಿಂತ ರಫ್ ಹಾಳೆಯನ್ನೇ ಹೆಚ್ಚು ನೋಡುತ್ತೇನೆ. ಈಚೆಗೆ ಒಬ್ಬ ವಿದ್ಯಾರ್ಥಿನಿಯ ಹಾಳೆಯಲ್ಲಿ ಲೆಕ್ಕವೆಲ್ಲ ಸರಿಯಿತ್ತು, ಉತ್ತರ ಮಾತ್ರ ತಪ್ಪಾಗಿತ್ತು. ಪ್ರಶ್ನೆ ಇದು:

ಒಬ್ಬರು 7 ರೂಪಾಯಿಯ ಪೆನ್ಸಿಲ್‌ಗಳನ್ನೂ 23 ರೂಪಾಯಿಯ ನೋಟ್‌ಬುಕ್‌ಗಳನ್ನೂ ಕೊಂಡರು. ನೋಟ್‌ಬುಕ್ ಎಷ್ಟು?
ಹೇಳಿಕೆ 1: ಒಟ್ಟು ಖರ್ಚು 150 ರೂಪಾಯಿ.
ಹೇಳಿಕೆ 2: ಪೆನ್ಸಿಲ್, ನೋಟ್‌ಬುಕ್ ಎರಡೂ ಸೇರಿ 10.

ಇದು ಡೇಟಾ ಸಫಿಶಿಯನ್ಸಿ ಪ್ರಶ್ನೆ. ಇಲ್ಲಿ ನೋಟ್‌ಬುಕ್ ಎಷ್ಟೆಂದು ಗುರುತು ಹಾಕುವುದಕ್ಕೆ ಜಾಗವೇ ಇರುವುದಿಲ್ಲ. ಮೊದಲನೆಯ ಹೇಳಿಕೆ ಒಂದೇ ಸಾಕೇ, ಎರಡನೆಯದು ಒಂದೇ ಸಾಕೇ, ಯಾವುದಾದರೊಂದಿದ್ದರೂ ಸಾಕೇ, ಎರಡೂ ಸೇರಬೇಕೇ, ಸೇರಿದರೂ ಸಾಲದೇ, ಇಷ್ಟೇ ಕೇಳುವುದು. ಬ್ಯಾಂಕ್ ಪರೀಕ್ಷೆಗಳಲ್ಲೂ ಯುಪಿಎಸ್‌ಸಿಯ ಸಿಸ್ಯಾಟ್ ಪತ್ರಿಕೆಯಲ್ಲೂ ಇಂಥವು ಬರುತ್ತವೆ. ಜಿಮ್ಯಾಟ್‌ನಲ್ಲಿ ಇದು ಹಳೆಯ ಬಗೆ. 2023ರ ಕೊನೆಗೆ ಬಂದ ಹೊಸ ಮಾದರಿಯಲ್ಲಿ ಇದನ್ನು ಗಣಿತದ ಭಾಗದಿಂದ ತೆಗೆದು ಡೇಟಾ ಇನ್‌ಸೈಟ್ಸ್ ಎಂಬ ಭಾಗಕ್ಕೆ ಸೇರಿಸಿದ್ದಾರೆ.

ಆಕೆ ಹಾಳೆಯಲ್ಲಿ ಎರಡು ಸಮೀಕರಣ ಬರೆದಿದ್ದಳು: 7p + 23n = 150, p + n = 10. ಬಿಡಿಸಿ n = 5 ಎಂದು ತೆಗೆದು, ತಾಳೆಯನ್ನೂ ನೋಡಿ, "ಎರಡೂ ಬೇಕು" ಎಂದು ಗುರುತು ಹಾಕಿದ್ದಳು. ಯಾಕೆಂದು ಕೇಳಿದೆ. "ಸರ್, ಚರಾಕ್ಷರ ಎರಡಿವೆ, ಸಮೀಕರಣವೂ ಎರಡು ಬೇಕಲ್ವಾ?" ಎಂದಳು.

ತಪ್ಪು ಕಲ್ಪನೆ: ಗೊತ್ತಿಲ್ಲದ ಬೆಲೆಗಳು ಎರಡಿದ್ದರೆ ಸಮೀಕರಣ ಎರಡು ಇರಲೇಬೇಕು, ಎರಡಿದ್ದರೆ ಸಾಕು.

ಈ ನಂಬಿಕೆ ಹತ್ತನೆಯ ತರಗತಿಯ ರೇಖಾತ್ಮಕ ಸಮೀಕರಣಗಳ ಪಾಠದಿಂದ ಬಂದದ್ದು. ಅಲ್ಲಿ ಅದರ ಮೊದಲ ಅರ್ಧ ಸರಿಯೇ. ಅಲ್ಲಿ x, y ಯಾವ ಸಂಖ್ಯೆಯಾದರೂ ಆಗಬಹುದು, ಅರ್ಧವೂ ಆಗಬಹುದು, ಋಣವೂ ಆಗಬಹುದು. ನಮ್ಮ ಪ್ರಶ್ನೆಯಲ್ಲಿರುವುದು ನೋಟ್‌ಬುಕ್. ಎರಡೂವರೆ ನೋಟ್‌ಬುಕ್‌ ಯಾರೂ ಕೊಳ್ಳುವುದಿಲ್ಲ. ಪೂರ್ಣ ಸಂಖ್ಯೆಯೇ ಆಗಬೇಕೆಂಬ ಈ ಕಟ್ಟು ಪ್ರಶ್ನೆಯಲ್ಲಿ ಎಲ್ಲೂ ಬರೆದಿರುವುದಿಲ್ಲ, ವಸ್ತುವಿನಲ್ಲೇ ಅಡಗಿರುತ್ತದೆ. ಅರ್ಧ ಸಮೀಕರಣದಷ್ಟು ಕೆಲಸವನ್ನು ಅದೇ ಮಾಡಿಬಿಡುತ್ತದೆ.

ಎರಡನೆಯ ಹೇಳಿಕೆಯನ್ನು ಕೈಯಿಂದ ಮುಚ್ಚಿ ಮೊದಲನೆಯದನ್ನಷ್ಟೇ ನೋಡೋಣ. ಒಂದು ನೋಟ್‌ಬುಕ್ ಎಂದುಕೊಂಡರೆ 127 ರೂಪಾಯಿ ಉಳಿಯುತ್ತದೆ, ಅದು 7ರಿಂದ ಭಾಗವಾಗುವುದಿಲ್ಲ. ಎರಡಾದರೆ 104, ಮೂರಾದರೆ 81, ನಾಲ್ಕಾದರೆ 58, ಯಾವುದೂ ಆಗದು. ಐದಾದರೆ 35 ಉಳಿಯುತ್ತದೆ, ಸರಿಯಾಗಿ 5 ಪೆನ್ಸಿಲ್. ಆರಾದರೆ ಉಳಿಯುವ 12 ರೂಪಾಯಿಗೂ ಪೆನ್ಸಿಲ್ ಲೆಕ್ಕ ಕೂಡುವುದಿಲ್ಲ. ಏಳು ನೋಟ್‌ಬುಕ್‌ಗೆ ಹಣವೇ ಸಾಲದು. ಅಂದರೆ ದಾರಿ ಒಂದೇ, ಮೊದಲನೆಯ ಹೇಳಿಕೆ ಒಂದೇ ಸಾಕು. ಎರಡನೆಯದನ್ನಷ್ಟೇ ಇಟ್ಟುಕೊಂಡರೆ ನೋಟ್‌ಬುಕ್ ಒಂದರಿಂದ ಒಂಬತ್ತರವರೆಗೆ ಎಷ್ಟಾದರೂ ಇರಬಹುದು, ಅದು ಸಾಲದು.

ಪರೀಕ್ಷೆಯಲ್ಲಿ ಇಷ್ಟೂ ಬರೆಯುವಷ್ಟು ಹೊತ್ತಿರುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. 7 ನೋಟ್‌ಬುಕ್‌ನ ಬೆಲೆ 161 ರೂಪಾಯಿ, 23 ಪೆನ್ಸಿಲ್‌ನ ಬೆಲೆಯೂ 161. ಖರ್ಚು ಬದಲಾಗದಂತೆ ಬುಟ್ಟಿಯಲ್ಲಿರುವುದನ್ನು ಅದಲುಬದಲು ಮಾಡಬೇಕಾದರೆ ಕನಿಷ್ಠ 7 ನೋಟ್‌ಬುಕ್ ಕೊಟ್ಟು 23 ಪೆನ್ಸಿಲ್ ತರಬೇಕು, ಅಥವಾ 23 ಪೆನ್ಸಿಲ್ ಕೊಟ್ಟು 7 ನೋಟ್‌ಬುಕ್ ತರಬೇಕು. ಇದಕ್ಕಿಂತ ಚಿಕ್ಕ ಬದಲಾವಣೆ ಸಾಧ್ಯವಿಲ್ಲ, ಯಾಕೆಂದರೆ 7ಕ್ಕೂ 23ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಇಡೀ ಖರ್ಚೇ 150 ಎಂದಮೇಲೆ 161ರ ಅದಲುಬದಲಿಗೆ ಅಲ್ಲಿ ಜಾಗವೆಲ್ಲಿದೆ? ಹಾಗಾಗಿ ಉತ್ತರ ಎರಡಾಗುವುದು ಸಾಧ್ಯವೇ ಇಲ್ಲ. ಕೊಂಡದ್ದು ನಡೆದ ಸಂಗತಿ, ಒಂದು ಉತ್ತರವಂತೂ ಇದ್ದೇ ಇದೆ. ಅದು 5 ಎಂದು ಕಂಡುಹಿಡಿಯದೆಯೇ "ಒಂದೇ ಸಾಕು" ಎನ್ನಬಹುದು.

ಅದೇ ಪ್ರಶ್ನೆಯಲ್ಲಿ ಖರ್ಚನ್ನು 311 ರೂಪಾಯಿ ಮಾಡಿ ನೋಡಿ. ಈಗ 5 ನೋಟ್‌ಬುಕ್, 28 ಪೆನ್ಸಿಲ್ ಆಗುತ್ತದೆ. 23 ಪೆನ್ಸಿಲ್ ಕೊಟ್ಟು 7 ನೋಟ್‌ಬುಕ್ ತಂದರೆ 12 ನೋಟ್‌ಬುಕ್, 5 ಪೆನ್ಸಿಲ್, ಅದೂ 311. ಮೊದಲನೆಯ ಹೇಳಿಕೆ ಈಗ ಸಾಲದು. ಎರಡನೆಯದು "ಒಟ್ಟು 17" ಎಂದಿದ್ದರೆ ಆಗ ನಿಜಕ್ಕೂ ಎರಡೂ ಬೇಕು. ಬೆಲೆಗಳು 10 ಮತ್ತು 25 ಇದ್ದರಂತೂ 150 ರೂಪಾಯಿಯೇ ಮೋಸ ಮಾಡುತ್ತದೆ: 5 ಪೆನ್ಸಿಲ್‌ಗೆ 2 ನೋಟ್‌ಬುಕ್ ಸಮ, ಹಾಗಾಗಿ 2 ನೋಟ್‌ಬುಕ್‌ಗೆ 10 ಪೆನ್ಸಿಲ್ ಆದರೂ 150, 4 ನೋಟ್‌ಬುಕ್‌ಗೆ 5 ಪೆನ್ಸಿಲ್ ಆದರೂ 150. ಸಮೀಕರಣಗಳನ್ನು ಎಣಿಸಿ ಕೂತವರಿಗೆ ಈ ಮೂರೂ ಪ್ರಶ್ನೆ ಒಂದೇ ಥರ ಕಾಣುತ್ತವೆ. ಇನ್ನು ಪೆನ್ಸಿಲ್ ಬದಲು ಕಿಲೋ ಲೆಕ್ಕದ ಅಕ್ಕಿ, ಬೇಳೆ ಬಂದರೆ ಈ ಉಪಾಯ ನಡೆಯದು, ಅಲ್ಲಿ ಮುಕ್ಕಾಲು ಕಿಲೋ ಸಹ ಲೆಕ್ಕಕ್ಕೆ ಬರುತ್ತದೆ.

ನಂಬಿಕೆಯ ಎರಡನೆಯ ಅರ್ಧವೂ ನಿಲ್ಲುವುದಿಲ್ಲ. 2 ಪೆನ್ನು, 3 ಪುಸ್ತಕಕ್ಕೆ 80 ರೂಪಾಯಿ. 4 ಪೆನ್ನು, 6 ಪುಸ್ತಕಕ್ಕೆ 160 ರೂಪಾಯಿ. ನೋಡಲು ಹೇಳಿಕೆ ಎರಡು, ಹೇಳುವ ಮಾತು ಒಂದೇ. ಪೆನ್ನಿನ ಬೆಲೆ ಕೇಳಿದರೆ ಎರಡೂ ಸೇರಿದರೂ ಸಾಲದು.

ತಪ್ಪು ಕಲ್ಪನೆ: ಹೇಳಿಕೆಯಿಂದ "ಇಲ್ಲ" ಎಂದು ಬಂದರೆ ಆ ಹೇಳಿಕೆ ಸಾಲದು.

ಇದರಿಂದ ಅಂಕ ಕಳೆದುಕೊಳ್ಳುವವರನ್ನು ನೋಡಿದಾಗ ನನಗೆ ಹೆಚ್ಚು ಸಂಕಟ, ಯಾಕೆಂದರೆ ಅವರು ಲೆಕ್ಕವನ್ನು ಪೂರ್ತಿ ಸರಿಯಾಗಿ ಮಾಡಿರುತ್ತಾರೆ. n ಎಂಬ ಪೂರ್ಣ ಸಂಖ್ಯೆ 5ರಿಂದ ಭಾಗವಾಗುತ್ತದೆಯೇ ಎಂಬುದು ಪ್ರಶ್ನೆ ಎನ್ನಿ. ಒಂದನೆಯ ಹೇಳಿಕೆ: n ಅನ್ನು 10ರಿಂದ ಭಾಗಿಸಿದರೆ ಶೇಷ 3. ಹಾಗಾದರೆ n 3, 13, 23, 33 ಹೀಗೆ ಇರುತ್ತದೆ, ಯಾವುದೂ 5ರಿಂದ ಭಾಗವಾಗದು. ಉತ್ತರ "ಇಲ್ಲ", ಅದು ಖಚಿತ. ಖಚಿತವಾದದ್ದರಿಂದಲೇ ಹೇಳಿಕೆ ಸಾಕು. ಎರಡನೆಯ ಹೇಳಿಕೆ: n 3ರಿಂದ ಭಾಗವಾಗುತ್ತದೆ. 15 ಆದರೆ "ಹೌದು", 9 ಆದರೆ "ಇಲ್ಲ". ಸಾಲದಿರುವುದು ಇದು. ಪ್ರಶ್ನೆಯ ಉತ್ತರ ಹೌದೋ ಇಲ್ಲವೋ ಎಂಬುದು ಬೇರೆ, ಹೇಳಿಕೆ ಸಾಕೋ ಸಾಲದೋ ಎಂಬುದು ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡವರಿಗೆ ಕಲಸಿಹೋಗುತ್ತದೆ. ನನ್ನ ತರಗತಿಯಲ್ಲಿ ರಫ್ ಹಾಳೆಯ ಎಡಕ್ಕೆ "ಉತ್ತರ", ಬಲಕ್ಕೆ "ಸಾಕೇ?" ಎಂದು ಎರಡು ಕಾಲಂ ಹಾಕಿಸುತ್ತೇನೆ.

ತಪ್ಪು ಕಲ್ಪನೆ: ಮೊದಲು ಎರಡನ್ನೂ ಸೇರಿಸಿ ನೋಡುವುದೇ ಕ್ಷೇಮ.

ಆ ವಿದ್ಯಾರ್ಥಿನಿ ಬಿದ್ದದ್ದು ಇಲ್ಲಿಯೇ. ಎರಡನ್ನೂ ಒಟ್ಟಿಗೆ ಬರೆದಮೇಲೆ ಯಾವುದು ಎಷ್ಟು ಕೆಲಸ ಮಾಡಿತು ಎಂಬುದು ಕಾಣುವುದಿಲ್ಲ. ಒಂದೊಂದನ್ನೇ ಓದುವವರಿಗೂ ಮೊದಲನೆಯದು ಹೇಳಿದ 150 ರೂಪಾಯಿ ತಲೆಯಲ್ಲೇ ಉಳಿದು, ಎರಡನೆಯದಕ್ಕೆ ಬರುವಾಗ ಗೊತ್ತಿಲ್ಲದೆ ಬೆರೆತುಬಿಡುತ್ತದೆ. ಆಗ ಸಾಲದ ಹೇಳಿಕೆಯೂ ಸಾಕೆನಿಸುತ್ತದೆ. ಬಿಡಿಬಿಡಿಯಾಗಿ ಎರಡೂ ಸೋತಮೇಲೆ ಮಾತ್ರ ಸೇರಿಸಬೇಕು. ಸರಿಯಾಗಿ ಮಾಡಿದ ಪ್ರಶ್ನೆಯಲ್ಲಿ ಎರಡು ಹೇಳಿಕೆಗಳೂ ನಿಜ, ಒಂದಕ್ಕೊಂದು ವಿರುದ್ಧ ಹೋಗುವುದಿಲ್ಲ. ಒಂದರಿಂದ 5 ನೋಟ್‌ಬುಕ್, ಇನ್ನೊಂದರಿಂದ 6 ಎಂದು ಬಂದರೆ ನಿಮ್ಮ ಲೆಕ್ಕದಲ್ಲೇ ಎಲ್ಲೋ ಕೈ ತಪ್ಪಿದೆ, ಹಿಂದಕ್ಕೆ ಹೋಗಿ ನೋಡಿ.

ಮರುದಿನ ಆಕೆಗೆ 220 ರೂಪಾಯಿಯ ಖರ್ಚು ಕೊಟ್ಟೆ, ಬೆಲೆ ಅವೇ 7 ಮತ್ತು 23. 220 ಎಂಬುದು 161ಕ್ಕಿಂತ ಹೆಚ್ಚು, ಹಾಗಾಗಿ ಬೆಲೆ ನೋಡಿದೊಡನೆ ಹೇಳಲಾಗದು. ಆಕೆ ಎರಡನೆಯ ಹೇಳಿಕೆಯ ಮೇಲೆ ಅಂಗೈ ಇಟ್ಟು, 5 ನೋಟ್‌ಬುಕ್, 15 ಪೆನ್ಸಿಲ್ ಎಂದು ಒಂದು ಉತ್ತರ ತೆಗೆದಳು. "ಕೊಡೋದಕ್ಕೆ 7 ನೋಟ್‌ಬುಕ್ಕೂ ಇಲ್ಲ, 23 ಪೆನ್ಸಿಲ್ಲೂ ಇಲ್ಲ ಸರ್. ಒಂದೇ ಸಾಕು," ಎಂದಳು.