ಕೋಣೆಗಳಿಗೆ ಕೊನೆಯಿಲ್ಲದ ಹೋಟೆಲು

ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ಇಯೋನ್ ತಿಖಿ ಒಂದು ಹೋಟೆಲಿಗೆ ಬರುತ್ತಾನೆ. ಅಲ್ಲಿರುವ ಕೋಣೆಗಳಿಗೆ ಕೊನೆಯೆಂಬುದೇ ಇಲ್ಲ. ಆದರೂ ಒಂದೂ ಖಾಲಿಯಿಲ್ಲ, ಪ್ರಾಣಿಶಾಸ್ತ್ರಜ್ಞರ ಸಮ್ಮೇಳನವೊಂದು ಅಷ್ಟನ್ನೂ ಹಿಡಿದುಕೊಂಡಿದೆ. ಹೋಟೆಲಿನ ನಿರ್ದೇಶಕ ಮಾತ್ರ ತಿಖಿಯನ್ನು ವಾಪಸು ಕಳಿಸುವುದಿಲ್ಲ. 1ನೇ ಕೋಣೆಯವರು 2ಕ್ಕೆ ಹೋಗಲಿ, 2ರವರು 3ಕ್ಕೆ, 3ರವರು 4ಕ್ಕೆ, ಹೀಗೇ ಮುಂದೆ ಸಾಗಲಿ ಎನ್ನುತ್ತಾನೆ. 1ನೇ ಕೋಣೆ ತೆರವಾಗುತ್ತದೆ, ತಿಖಿಗೆ ಹಾಸಿಗೆ ಸಿಗುತ್ತದೆ.

ಈ ಕಥೆ ಇರುವುದು ಸೋವಿಯತ್ ಗಣಿತಜ್ಞ ನೌಮ್ ವಿಲೆಂಕಿನ್ ಅವರು ಗಣಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದ, 1965ರಲ್ಲಿ ರಷ್ಯನ್ ಭಾಷೆಯಲ್ಲಿ ಬಂದ ಪುಸ್ತಕದಲ್ಲಿ. ತಿಖಿ ಎಂಬ ಯಾತ್ರಿಕ ಪೋಲೆಂಡಿನ ಕಥೆಗಾರ ಸ್ಟಾನಿಸ್ವಾಫ್ ಲೆಮ್ ಸೃಷ್ಟಿಸಿದ ಪಾತ್ರ, ವಿಲೆಂಕಿನ್ ಅವನನ್ನು ತಮ್ಮ ಕಥೆಗೆ ಕರೆತಂದರು. ಹೋಟೆಲಿನ ಕಲ್ಪನೆಯಾದರೋ ಇನ್ನೂ ಹಳೆಯದು. ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹಿಲ್ಬರ್ಟ್ 1924–25ರ ಚಳಿಗಾಲದಲ್ಲಿ ಅನಂತದ ಬಗ್ಗೆ ಪಾಠ ಮಾಡುವಾಗ ಕೊಟ್ಟ ಉದಾಹರಣೆ ಅದು. ಭೌತವಿಜ್ಞಾನಿ ಜಾರ್ಜ್ ಗ್ಯಾಮೊ 1947ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನು ಹೇಳಿದ ಮೇಲೆ ತರಗತಿಯ ಉದಾಹರಣೆ ಲೋಕಕ್ಕೆಲ್ಲ ಪರಿಚಿತವಾಯಿತು.

ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಒಂದು ಪ್ರಶ್ನೆ ಎತ್ತುತ್ತಾರೆ: ಇಷ್ಟೆಲ್ಲ ಜನರನ್ನು ಎಬ್ಬಿಸುವುದೇಕೆ, ಹೊಸಬನನ್ನೇ ಕೊನೆಯ ಕೋಣೆಗೆ ಕಳಿಸಿದರಾಗದೆ? ಕೊನೆಯ ಕೋಣೆ ಎಂಬುದೇ ಇಲ್ಲವಲ್ಲ. ಯಾವ ಸಂಖ್ಯೆಯ ಬೀಗದ ಕೈ ಕೊಟ್ಟರೂ ಆ ಕೋಣೆಯಲ್ಲಿ ಆಗಲೇ ಒಬ್ಬರಿದ್ದಾರೆ. ನೂರು ಕೋಣೆಗಳ ಹೋಟೆಲಿನಲ್ಲಿ ಇದೇ ಸ್ಥಳಾಂತರ ಮಾಡಿದರೆ 100ನೇ ಕೋಣೆಯವರು ಬೀದಿಗೆ ಬೀಳುತ್ತಾರೆ. ಇಲ್ಲಿ ಹಾಗೆ ಬೀಳಬೇಕಾದವರು ಯಾರೂ ಇಲ್ಲ. ಪ್ರತಿಯೊಬ್ಬರೂ ನಡೆಯಬೇಕಾದದ್ದು ಪಕ್ಕದ ಬಾಗಿಲಿನವರೆಗೆ ಮಾತ್ರ.

ನಂತರ ಅನಂತ ಸಂಖ್ಯೆಯ ಅಂಚೆಚೀಟಿ ಸಂಗ್ರಾಹಕರು ಬಂದಿಳಿಯುತ್ತಾರೆ. ಒಂದೊಂದೇ ಹೆಜ್ಜೆ ಸರಿಸುವ ಉಪಾಯ ಈಗ ನಡೆಯದು. ಎಲ್ಲರನ್ನೂ ‘ಅನಂತ’ ಹೆಜ್ಜೆ ಮುಂದೆ ಸರಿಸೋಣವೆಂದರೆ 1ನೇ ಕೋಣೆಯವರಿಗೆ ಹೇಳಲು ಒಂದು ಸಂಖ್ಯೆಯೇ ಇರುವುದಿಲ್ಲ. ನಿಯಮ ಸರಿಯೋ ತಪ್ಪೋ ಎಂದು ತಿಳಿಯಲು ಇದೇ ಪರೀಕ್ಷೆ: ಪ್ರತಿಯೊಬ್ಬ ಅತಿಥಿಗೂ ನಿರ್ದಿಷ್ಟವಾದ ಒಂದು ಕೋಣೆಯ ಸಂಖ್ಯೆ ಸಿಗಬೇಕು, ಅದೇ ಸಂಖ್ಯೆ ಇನ್ನೊಬ್ಬರಿಗೆ ಸಿಗಬಾರದು. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಸಂಖ್ಯೆಯ ಎರಡರಷ್ಟಕ್ಕೆ ಹೋಗುತ್ತಾರೆ. 1ರವರು 2ಕ್ಕೆ, 2ರವರು 4ಕ್ಕೆ, 500ರವರು 1000ಕ್ಕೆ. ಸಮ ಸಂಖ್ಯೆಗಳೆಲ್ಲ ಹಳಬರಿಗೆ, ಬೆಸ ಸಂಖ್ಯೆಗಳೆಲ್ಲ ಹೊಸಬರಿಗೆ.

ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಂಥದೇ ಸಂಗತಿಯನ್ನು ಗಮನಿಸಿದ್ದ. 1, 4, 9, 16 ಎಂಬ ವರ್ಗ ಸಂಖ್ಯೆಗಳು ಎಲ್ಲ ಸಂಖ್ಯೆಗಳ ನಡುವೆ ವಿರಳವಾಗಿವೆ, ಆದರೂ ಪ್ರತಿ ಸಂಖ್ಯೆಗೂ ಒಂದು ವರ್ಗವಿದೆ. ಹಾಗಾದರೆ ಯಾವುದು ಹೆಚ್ಚು? ಅನಂತದ ವಿಷಯದಲ್ಲಿ ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳನ್ನೇ ಬಳಸಲಾಗದು ಎಂದು ಅವನು ಅಲ್ಲಿಗೇ ಬಿಟ್ಟ. ಸುಮಾರು ಎರಡೂಕಾಲು ಶತಮಾನದ ನಂತರ ಜಾರ್ಜ್ ಕ್ಯಾಂಟರ್ ಬಿಡಲಿಲ್ಲ. ಎರಡು ಗುಂಪುಗಳ ಸದಸ್ಯರನ್ನು ಯಾರೂ ಉಳಿಯದಂತೆ ಜೋಡಿ ಮಾಡಲು ಬಂದರೆ ಅವು ಸಮಾನ ಎಂದು ಆತ ತೀರ್ಮಾನಿಸಿದ. ಹೋಟೆಲಿನ ಕೋಣೆ ಮತ್ತು ಅತಿಥಿಯ ಜೋಡಿ ಇದೇ.

ಕಥೆಯ ಮುಂದಿನ ತಿರುವು ಕಠಿಣವಾದದ್ದು. ಇಂಥ ಹೋಟೆಲುಗಳೇ ಅನಂತವಾಗಿದ್ದು, ಒಂದನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚಬೇಕಾಗಿ ಬರುತ್ತದೆ. ಅಷ್ಟೂ ಹೋಟೆಲುಗಳ ಅಷ್ಟೂ ಅತಿಥಿಗಳು ಒಂದರಲ್ಲೇ ಹಿಡಿಸಬೇಕು. ಮೊದಲ ಹೋಟೆಲಿನವರನ್ನು ಸಾಲಾಗಿ ಕೂರಿಸಿ, ಆಮೇಲೆ ಎರಡನೆಯದರವರನ್ನು ಕೂರಿಸೋಣವೆಂದರೆ ಎರಡನೆಯವರ ಸರದಿ ಬರುವುದೇ ಇಲ್ಲ.

ಒಂದು ದಾರಿ ಅವಿಭಾಜ್ಯ ಸಂಖ್ಯೆಗಳದು. ಮೊದಲ ಹೋಟೆಲಿನವರಿಗೆ 2ರ ಘಾತಗಳನ್ನು ಕೊಡಬಹುದು: 2, 4, 8, 16. ಎರಡನೆಯ ಹೋಟೆಲಿನವರಿಗೆ 3ರ ಘಾತಗಳು, ಮೂರನೆಯದಕ್ಕೆ 5ರವು. ಎರಡನೆಯ ಹೋಟೆಲಿನ 4ನೇ ಕೋಣೆಯವರು 3×3×3×3, ಅಂದರೆ 81ಕ್ಕೆ ಹೋಗುತ್ತಾರೆ. ಅವಿಭಾಜ್ಯ ಸಂಖ್ಯೆಗಳು ಮುಗಿಯುವುದಿಲ್ಲ, ಒಂದರ ಘಾತ ಇನ್ನೊಂದರ ಘಾತವಾಗುವುದೂ ಇಲ್ಲ. ಎಲ್ಲರಿಗೂ ಜಾಗ ಸಿಕ್ಕಿತು. ಆದರೆ 1, 6, 10, 12 ಮುಂತಾದ ಕೋಣೆಗಳು ಖಾಲಿ ಉಳಿದವು, ಮೊದಲ ನೂರರಲ್ಲೇ 65! ತುಂಬಿದ್ದ ಹೋಟೆಲಿಗೆ ಇಷ್ಟೊಂದು ಜನ ಬಂದ ಮೇಲೆ ಹೋಟೆಲು ಹೆಚ್ಚು ಖಾಲಿಯಾಗಿದೆ.

ಒಂದು ಕೋಣೆಯನ್ನೂ ವ್ಯರ್ಥ ಮಾಡದ ದಾರಿಯೂ ಉಂಟು. ಪ್ರತಿ ಹೋಟೆಲನ್ನು ಒಂದು ಅಡ್ಡಸಾಲಾಗಿ, ಕೋಣೆಗಳನ್ನು ಸಾಲಿನ ಮನೆಗಳಾಗಿ ಬರೆದುಕೊಂಡು, ಮೇಲಿನ ಎಡ ಮೂಲೆಯಿಂದ ಚೌಕಗಳನ್ನು ಬೆಳೆಸುತ್ತ ಹೋಗುವುದು. ಮೂಲೆಯ ಮನೆಗೆ 1. ಅದನ್ನು ಎರಡಡಿ ಎರಡು ಮನೆಗಳ ಚೌಕವಾಗಿಸಲು ಸೇರುವ ಮೂರು ಮನೆಗಳಿಗೆ 2, 3, 4. ಮೂರಡಿ ಮೂರರ ಚೌಕಕ್ಕೆ ಸೇರುವ ಐದು ಮನೆಗಳಿಗೆ 5ರಿಂದ 9: ಬಲ ಅಂಚಿನಲ್ಲಿ ಮೇಲಿನಿಂದ ಕೆಳಗಿಳಿದು, ಕೆಳ ಅಂಚಿನಲ್ಲಿ ಎಡಕ್ಕೆ ತಿರುಗಬೇಕು. ಮೂರನೆಯ ಹೋಟೆಲಿನ 2ನೇ ಕೋಣೆಯವರಿಗೆ ಹೀಗೆ 8 ಬರುತ್ತದೆ. ಎಷ್ಟೇ ದೂರದ ಹೋಟೆಲಿನ ಎಷ್ಟೇ ದೂರದ ಕೋಣೆಯಾದರೂ ಯಾವುದೋ ಒಂದು ಚೌಕ ಅದನ್ನು ಮುಟ್ಟಿಯೇ ತೀರುತ್ತದೆ.

ಇಲ್ಲಿಯವರೆಗೆ ಓದಿದವರು ಈ ಹೋಟೆಲಿನಲ್ಲಿ ಏನು ಬೇಕಾದರೂ ಹಿಡಿಸುತ್ತದೆ ಎಂದುಕೊಳ್ಳುತ್ತಾರೆ. ಬಹಳಷ್ಟು ಮಂದಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಹೇಳುವುದು ದೊಡ್ಡ ನಷ್ಟ, ಏಕೆಂದರೆ ಅದರ ಜೀವ ಇರುವುದು ಹಿಡಿಸದೆ ಉಳಿಯುವವರಲ್ಲಿ.

ಹೋಟೆಲನ್ನು ಎಷ್ಟು ರೀತಿಯಲ್ಲಿ ತುಂಬಬಹುದು ಎಂಬುದರ ಪಟ್ಟಿ ಬೇಕೆಂದು ಕೇಳಿಕೆ ಬರುತ್ತದೆ. ಜನರಿರುವ ಕೋಣೆಗೆ 1, ಖಾಲಿ ಕೋಣೆಗೆ 0 ಎಂದು ಬರೆದರೆ ತುಂಬುವ ಒಂದೊಂದು ರೀತಿಯೂ 1 ಮತ್ತು 0ಗಳ ಕೊನೆಯಿಲ್ಲದ ಸಾಲು. ಎಲ್ಲ ಸಾಲುಗಳೂ ಪಟ್ಟಿಯಲ್ಲಿ ಬಂದಿವೆ ಎಂದು ಯಾರೋ ಹೇಳಿದರೆನ್ನಿ. ಆಗ ಪಟ್ಟಿಯ 1ನೇ ಸಾಲಿನ 1ನೇ ಅಂಕಿ, 2ನೇ ಸಾಲಿನ 2ನೇ ಅಂಕಿ, 3ನೇ ಸಾಲಿನ 3ನೇ ಅಂಕಿ ಎಂದು ಕರ್ಣದುದ್ದಕ್ಕೂ ನೋಡುತ್ತ, 0 ಇದ್ದಲ್ಲಿ 1, 1 ಇದ್ದಲ್ಲಿ 0 ಬರೆದು ಹೊಸ ಸಾಲು ಕಟ್ಟಬೇಕು. ಪಟ್ಟಿ 1010…, 1100…, 0001…, 0111… ಎಂದು ಆರಂಭವಾದರೆ ಕರ್ಣದಲ್ಲಿ ಸಿಗುವುದು 1, 1, 0, 1. ಹೊಸ ಸಾಲು 0010… ಎಂದು ಶುರುವಾಗುತ್ತದೆ. ಇದು ಮೊದಲ ಸಾಲಿಗಿಂತ 1ನೇ ಕೋಣೆಯಲ್ಲಿ, ಎರಡನೆಯದಕ್ಕಿಂತ 2ನೇ ಕೋಣೆಯಲ್ಲಿ ಬೇರೆ. ನೂರನೆಯದಕ್ಕಿಂತ 100ನೇ ಕೋಣೆಯಲ್ಲಿ ಬೇರೆ. ಅಂದಮೇಲೆ ಅದು ಪಟ್ಟಿಯಲ್ಲಿ ಎಲ್ಲೂ ಇಲ್ಲ.

ತಿಖಿಗೆ ಮಾಡಿದಂತೆ ಎಲ್ಲರನ್ನೂ ಒಂದು ಸ್ಥಾನ ಸರಿಸಿ ಈ ಸಾಲನ್ನೂ ಸೇರಿಸಿಬಿಡಬಹುದಲ್ಲ? ಸೇರಿಸಬಹುದು. ಆದರೆ ಹೊಸ ಪಟ್ಟಿಗೂ ಒಂದು ಕರ್ಣವಿದೆ, ಅದರಿಂದ ಮತ್ತೊಂದು ತಪ್ಪಿದ ಸಾಲು ಹುಟ್ಟುತ್ತದೆ. ಅನಂತ ಸಾಲುಗಳನ್ನು ಒಮ್ಮೆಲೇ ಸಮ ಸ್ಥಾನ, ಬೆಸ ಸ್ಥಾನ ಎಂದು ಹಂಚಿ ಸೇರಿಸಿದರೂ ಅಷ್ಟೇ. ಈ ಪ್ರತಿ ಸಾಲೂ ಒಬ್ಬೊಬ್ಬ ಅತಿಥಿಯಾಗಿ ಬಂದರೆ ನಿರ್ದೇಶಕನ ಯಾವ ಉಪಾಯವೂ ಅವರೆಲ್ಲರಿಗೆ ಕೋಣೆ ಒದಗಿಸಲಾರದು.

ಎರಡು ಬಗೆಯ ಅನಂತಗಳಿವೆ ಎಂದು ಕ್ಯಾಂಟರ್ ಮೊದಲು ತೋರಿಸಿದ್ದು 1874ರಲ್ಲಿ, ಬೇರೆಯೇ ವಿಧಾನದಿಂದ. ಕರ್ಣದ ಈ ವಾದವನ್ನು ಆತ 1891ರಲ್ಲಿ ಪ್ರಕಟಿಸಿದ. ಕೋಣೆಗಳ ಅನಂತಕ್ಕಿಂತ ದೊಡ್ಡದು, ಆ ಸಾಲುಗಳ ಅನಂತಕ್ಕಿಂತ ಚಿಕ್ಕದು, ಇಂಥದೊಂದು ನಡುವಿನ ಅನಂತ ಉಂಟೇ ಎಂಬ ಪ್ರಶ್ನೆಯನ್ನೂ ಆತ ಎತ್ತಿದ್ದ, ಇಲ್ಲವೆಂದೇ ನಂಬಿದ್ದ. ಹಿಲ್ಬರ್ಟ್ 1900ರಲ್ಲಿ ಪ್ಯಾರಿಸಿನ ಸಮ್ಮೇಳನಕ್ಕೆ ಸಿದ್ಧಪಡಿಸಿದ ಸಮಸ್ಯೆಗಳ ಪಟ್ಟಿಯಲ್ಲಿ ಅದನ್ನೇ ಮೊದಲಿಗಿಟ್ಟರು. ಗಣಿತಜ್ಞರು ಸಾಮಾನ್ಯವಾಗಿ ಒಪ್ಪಿಕೊಂಡು ನಡೆಯುವ ಗಣಗಳ ಮೂಲ ನಿಯಮಗಳಿಂದ ಅದನ್ನು ಸುಳ್ಳೆಂದು ಸಾಧಿಸಲಾಗದು ಎಂದು ಕುರ್ಟ್ ಗೋಡೆಲ್ 1930ರ ದಶಕದ ಕೊನೆಯಲ್ಲಿ ತೋರಿಸಿದರು, ನಿಜವೆಂದೂ ಸಾಧಿಸಲಾಗದು ಎಂದು ಪಾಲ್ ಕೋಹೆನ್ 1963ರಲ್ಲಿ ತೋರಿಸಿದರು.